ಎಂಟು ವರ್ಷ ಎಂದು ಬರೆಯುವ ಮೊದಲು

ತಮ್ಮಾ, ನಿನ್ನ ರೆಸ್ಯೂಮ್ ಓದಿದೆ. ಕೆಲಸದ ವಿವರಗಳೆಲ್ಲ ಚೆನ್ನಾಗಿವೆ. ತಲೆಯಲ್ಲೇ ‘ಒಟ್ಟು ಅನುಭವ 8 ವರ್ಷ’ ಎಂದು ಬರೆದಿದ್ದೀಯಲ್ಲ, ಅದೊಂದನ್ನು ಕಳಿಸುವ ಮೊದಲು ತಿದ್ದಿಕೊ. ನೀನು ಕೊಟ್ಟ ತಾರೀಕುಗಳೇ ಆ ಲೆಕ್ಕವನ್ನು ಒಪ್ಪುವುದಿಲ್ಲ.

ಮೊದಲ ಕಂಪನಿಯಲ್ಲಿ 10 ಜೂನ್ 2016ರಿಂದ 24 ಆಗಸ್ಟ್ 2018ರವರೆಗೆ ಇದ್ದೆ. ಎರಡನೆಯದರಲ್ಲಿ 3 ಡಿಸೆಂಬರ್ 2018ರಿಂದ 17 ಮಾರ್ಚ್ 2021ರವರೆಗೆ. ಮೂರನೆಯದಕ್ಕೆ 1 ಫೆಬ್ರುವರಿ 2021ಕ್ಕೆ ಸೇರಿ 31 ಜುಲೈ 2024ಕ್ಕೆ ಬಿಟ್ಟೆ. ಒಂದೊಂದನ್ನೂ ಬೇರೆಬೇರೆಯಾಗಿ ಎಣಿಸಿದರೆ 2 ವರ್ಷ 2 ತಿಂಗಳು 15 ದಿನ, 2 ವರ್ಷ 3 ತಿಂಗಳು 15 ದಿನ, 3 ವರ್ಷ 6 ತಿಂಗಳು. ಕೂಡಿದರೆ ಸರಿಯಾಗಿ ಎಂಟು. ನೀನು ಮಾಡಿರುವುದು ಇದನ್ನೇ. ಆದರೆ 2021ರ ಫೆಬ್ರುವರಿಯಿಂದ ಮಾರ್ಚ್ 17ರವರೆಗೆ ಎರಡೂ ಕಡೆ ನಿನ್ನ ಹೆಸರಿತ್ತು. ಆ 1 ತಿಂಗಳು 17 ದಿನ ಎರಡು ಸಲ ಲೆಕ್ಕಕ್ಕೆ ಬಂದಿದೆ. ಹಾಗಂತ ಮೊದಲು ಸೇರಿದ ದಿನದಿಂದ ಕೊನೆಗೆ ಬಿಟ್ಟ ದಿನದವರೆಗೆ ನೇರವಾಗಿ ಎಣಿಸಿದರೆ 8 ವರ್ಷ 1 ತಿಂಗಳು 22 ದಿನ ಬರುತ್ತದೆ. ಅದೂ ತಪ್ಪು. 2018ರಲ್ಲಿ ಮೂರು ತಿಂಗಳಿಗೂ ಹೆಚ್ಚು ಕಾಲ ಕೆಲಸವಿಲ್ಲದೆ ಇದ್ದದ್ದನ್ನು ಅದು ನುಂಗಿಬಿಡುತ್ತದೆ.

ಸರಿಯಾದ ದಾರಿ ಹೀಗೆ. ಸೇರಿದ ತಾರೀಕಿನ ಕ್ರಮದಲ್ಲಿ ಎಲ್ಲ ಕೆಲಸಗಳನ್ನೂ ಬರೆದುಕೊ. ಹಿಂದಿನ ಕೆಲಸ ಮುಗಿಯುವ ಮೊದಲೇ, ಅಥವಾ ಮುಗಿದ ಮರುದಿನವೇ ಮುಂದಿನದು ಶುರುವಾಗಿದ್ದರೆ ಎರಡನ್ನೂ ಸೇರಿಸಿ ಒಂದೇ ಅವಧಿ ಮಾಡು. ನಡುವೆ ಖಾಲಿ ದಿನವಿದ್ದರೆ ಅಲ್ಲಿಗೆ ಒಂದು ಅವಧಿ ಮುಗಿಸಿ ಹೊಸದನ್ನು ತೆರೆ. ಸೇರಿಸುವಾಗ ಎರಡು ಕೊನೆಯ ತಾರೀಕುಗಳಲ್ಲಿ ತಡವಾಗಿ ಬರುವುದನ್ನೇ ಇಟ್ಟುಕೊ. ಹೆಚ್ಚಿನವರು ಎಡವುವುದು ಇಲ್ಲೇ. 2020ರಲ್ಲಿ ಆರು ತಿಂಗಳು ಶನಿವಾರ ಪಾಠ ಮಾಡಿದೆಯಲ್ಲ, ಅದು ಪೂರ್ತಿ ಎರಡನೇ ಕೆಲಸದ ಒಳಗೇ ಇದೆ. ಅದನ್ನು ಅನುಭವವೆಂದು ಖಂಡಿತ ತೋರಿಸು, ಒಟ್ಟು ಅವಧಿಗೆ ಮಾತ್ರ ಒಂದು ದಿನವೂ ಕೂಡಿಕೊಳ್ಳುವುದಿಲ್ಲ.

ಈಗ ನಿನಗೆ ಉಳಿಯುವುದು ಎರಡೇ ಅವಧಿ. ಮೊದಲನೆಯದು ಆಗಲೇ ಗೊತ್ತು. ಎರಡನೆಯದು 3 ಡಿಸೆಂಬರ್ 2018ರಿಂದ 31 ಜುಲೈ 2024. ಕೊನೆಯ ದಿನವೂ ನೀನು ಕೆಲಸ ಮಾಡಿದ್ದೀಯ, ಆದ್ದರಿಂದ ಅದಕ್ಕೊಂದು ದಿನ ಕೂಡಿಸಿ ಆಗಸ್ಟ್ 1ರವರೆಗೆ ಎಣಿಸು: 5 ವರ್ಷ 7 ತಿಂಗಳು 29 ದಿನ. ಎರಡನ್ನೂ ಕೂಡಿ, 30 ದಿನಕ್ಕೆ ಒಂದು ತಿಂಗಳೆಂದು ಹಿಡಿದರೆ 7 ವರ್ಷ 10 ತಿಂಗಳು 14 ದಿನ. ತಾಳೆ ನೋಡಬೇಕೆಂದರೆ, ನೇರ ಎಣಿಕೆಯ 8 ವರ್ಷ 1 ತಿಂಗಳು 22 ದಿನದಲ್ಲಿ ಖಾಲಿ ಇದ್ದ 3 ತಿಂಗಳು 8 ದಿನ ಕಳೆ. ಅದೇ ಉತ್ತರ ಬರುತ್ತದೆ. ತಿಂಗಳುಗಳ ಉದ್ದ ಒಂದೇ ಅಲ್ಲವಾದ್ದರಿಂದ ಕೆಲವೊಮ್ಮೆ ಒಂದೆರಡು ದಿನ ಆಚೀಚೆ ಆದೀತು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ.

ಎಕ್ಸೆಲ್‌ನಲ್ಲಿ ಮಾಡುವುದಾದರೆ ಅವಧಿಯ ಆರಂಭ B2ರಲ್ಲಿ, ಕೊನೆ C2ರಲ್ಲಿ ಇರಲಿ. ತುಂಬಿದ ತಿಂಗಳುಗಳು ಎಷ್ಟೆಂದು ಇದು ಹೇಳುತ್ತದೆ:

```
=DATEDIF(B2,C2+1,"m")
```

ಬಂದ ಉತ್ತರವನ್ನು 12ರಿಂದ ಭಾಗಿಸಿದರೆ ವರ್ಷ, ಉಳಿದದ್ದು ತಿಂಗಳು. ಮಿಕ್ಕ ದಿನಗಳನ್ನು ಕ್ಯಾಲೆಂಡರ್ ನೋಡಿಯೇ ಎಣಿಸು. ಅದಕ್ಕೆಂದು ಇರುವ "md" ಕೆಲವು ತಾರೀಕುಗಳಿಗೆ ತಪ್ಪು ಉತ್ತರ ಕೊಡುತ್ತದೆ. ಇನ್ನೊಂದು ಮಾತು, 7.10 ಎಂದು ಎಲ್ಲೂ ಬರೆಯಬೇಡ. ಎಕ್ಸೆಲ್ ಅದನ್ನು 7.1 ಮಾಡುತ್ತದೆ, ಓದುವವರು ಏಳು ವರ್ಷ ಒಂದು ತಿಂಗಳು ಎಂದುಕೊಳ್ಳುತ್ತಾರೆ. ದಶಾಂಶದಲ್ಲೇ ಕೇಳಿದರೆ ನಿನ್ನದು 7.87.

ತಾರೀಕುಗಳನ್ನು ನೆನಪಿನಿಂದ ಹಾಕಬೇಡ. ರಿಲೀವಿಂಗ್ ಲೆಟರ್ ತೆಗೆದು ನೋಡು, ಪಿಎಫ್ ಪೋರ್ಟಲ್‌ನ ಸರ್ವಿಸ್ ಹಿಸ್ಟರಿಯಲ್ಲಿ ಸೇರಿದ ಮತ್ತು ಬಿಟ್ಟ ದಿನ ಏನಿದೆ ಎಂದು ಹೋಲಿಸು. ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲಿಸುವಾಗ ನೋಡುವುದು ಇವನ್ನೇ. ನಿನ್ನ ಫೆಬ್ರುವರಿ–ಮಾರ್ಚ್ ಅಲ್ಲಿ ಕಣ್ಣಿಗೆ ಬೀಳುತ್ತದೆ. ನೋಟಿಸ್ ಅವಧಿಯ ಕೊನೆಯ ದಿನಗಳನ್ನು ರಜೆಗೆ ಹೊಂದಿಸಿಕೊಂಡಿದ್ದೆ ಎಂದಿದ್ದೆಯಲ್ಲ, ಆ ಒಪ್ಪಿಗೆಯ ಇಮೇಲ್ ಈಗಲೇ ಹುಡುಕಿಟ್ಟುಕೊ. ಹಳೆಯ ಕಂಪನಿ ಬಿಟ್ಟ ದಿನವನ್ನೇ ತಪ್ಪಾಗಿ ನಮೂದಿಸಿದ್ದರೆ ಅವರಿಗೆ ಬರೆದು ತಿದ್ದಿಸಿಕೊ.

ನೀನು ಅರ್ಜಿ ಹಾಕುತ್ತಿರುವ ಕೆಲಸದ ಜಾಹೀರಾತಿನಲ್ಲಿ ಕನಿಷ್ಠ ಎಂಟು ವರ್ಷ ಎಂದಿದೆ, ಗೊತ್ತು. ಖಾಸಗಿಯವರು ಒಂದೂವರೆ ತಿಂಗಳ ಕೊರತೆಯನ್ನು ಬಿಟ್ಟುಕೊಟ್ಟರೂ ಕೊಡಬಹುದು, ಕೇಳಿನೋಡು. ಎಂಟು ಎಂದು ಬರೆದು ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಮಾತ್ರ ಬಂದ ಆಫರ್ ಕೂಡ ಹೋಗಬಹುದು. 7 ವರ್ಷ 10 ತಿಂಗಳು ಎಂದೇ ಬರೆದು ಕಳಿಸು.