ನಾಯಿಯ ನಡಿಗೆ: ಹದಿನಾರು ಚಿತ್ರಗಳ ಒಂದು ಪಾಠ

ಉದ್ದೇಶ: ವ್ಯಂಗ್ಯಚಿತ್ರದ ನಾಯಿಯೊಂದು ಪಕ್ಕದಿಂದ ಕಾಣುವಂತೆ ನಡೆಯುವುದನ್ನು ಹದಿನಾರು ಚಿತ್ರಗಳಲ್ಲಿ ರಚಿಸುವುದು, ಕಾಲುಗಳ ಸರದಿ, ಮೈಭಾರದ ಏರಿಳಿತ ಮತ್ತು ಬಾಲದ ಚಲನೆಗಳನ್ನು ವಿದ್ಯಾರ್ಥಿಗಳು ಕನ್ನಡದಲ್ಲಿ ವಿವರಿಸುವಂತೆ ಮಾಡುವುದು.

ಸಾಮಗ್ರಿ: ಒಂದೇ ಅಳತೆಯ 16 ತೆಳು ಹಾಳೆಗಳು, ಪೆನ್ಸಿಲ್, ಅಳತೆಪಟ್ಟಿ, ಚಿತ್ರಗಳನ್ನು ಒಂದೊಂದಾಗಿ ತೆಗೆದು ಓಡಿಸಲು ಒಂದು ಮೊಬೈಲ್.

1. ಕಾಲುಗಳ ಸರದಿ

ನಡೆಯುವ ನಾಯಿಯನ್ನು ಬರೆಯಲು ಹೇಳಿದರೆ ಮಕ್ಕಳು ಸಾಮಾನ್ಯವಾಗಿ ಮುಂದಿನ ಎಡಗಾಲನ್ನೂ ಹಿಂದಿನ ಬಲಗಾಲನ್ನೂ ಒಟ್ಟಿಗೆ ಎತ್ತಿಸುತ್ತಾರೆ. ಅದು ನಡಿಗೆಯಲ್ಲ, ಕುಕ್ಕುಲೋಟ. ಒಂದೇ ಪಕ್ಕದ ಎರಡು ಕಾಲುಗಳನ್ನು ಒಟ್ಟಿಗೆ ಎತ್ತಿಸಿದರೆ ನಾಯಿ ಒಂಟೆಯಂತೆ ತೂಗಾಡುತ್ತದೆ. ನಾಯಿಯ ಸಹಜ ನಡಿಗೆಯಲ್ಲಿ ನಾಲ್ಕು ಪಾದಗಳೂ ಬೇರೆ ಬೇರೆ ಹೊತ್ತಿನಲ್ಲಿ ನೆಲ ಮುಟ್ಟುತ್ತವೆ. ಆ ಸರದಿ ಹೀಗಿದೆ: ಹಿಂದಿನ ಎಡ, ಮುಂದಿನ ಎಡ, ಹಿಂದಿನ ಬಲ, ಮುಂದಿನ ಬಲ.

ಎಡ್ವರ್ಡ್ ಮೈಬ್ರಿಜ್ 1887ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಪ್ರಾಣಿಚಲನೆಯ ಛಾಯಾಚಿತ್ರಮಾಲೆ ಇಂತಹ ಸರದಿಯನ್ನು ಕಣ್ಣಿಗೆ ಕಾಣುವಂತೆ ಮಾಡಿತು. ಆದರೂ ತಪ್ಪು ಉಳಿದೇ ಇದೆ. ವಸ್ತುಸಂಗ್ರಹಾಲಯಗಳ ಪ್ರಾಣಿ ಮಾದರಿಗಳಲ್ಲೂ ನಡಿಗೆಯ ಕಾಲುಗಳು ಅನೇಕ ಕಡೆ ತಪ್ಪಾಗಿ ನಿಂತಿವೆಯೆಂದು ಹಂಗೇರಿಯ ಸಂಶೋಧಕರು 2009ರಲ್ಲಿ ತೋರಿಸಿದರು.

ಈ ಸರದಿಯನ್ನು ಬರೆಯುವ ಮೊದಲು ಮಕ್ಕಳಿಂದ ನಡೆಸಬೇಕು. ಇಬ್ಬರು ಮಕ್ಕಳು ಒಬ್ಬರ ಹಿಂದೊಬ್ಬರು ನಿಲ್ಲಲಿ. ಹಿಂದಿನ ಮಗು ಮುಂದಿನ ಮಗುವಿನ ಹೆಗಲ ಮೇಲೆ ಕೈಯಿಡಲಿ. ತರಗತಿಯವರು ನಾಲ್ಕು ಸಮ ಚಪ್ಪಾಳೆ ಹಾಕುತ್ತ ಸರದಿಯನ್ನು ಹೇಳಲಿ. ಮೊದಲ ಚಪ್ಪಾಳೆಗೆ ಹಿಂದಿನವರ ಎಡಗಾಲು, ಎರಡನೆಯದಕ್ಕೆ ಮುಂದಿನವರ ಎಡಗಾಲು, ಮೂರನೆಯದಕ್ಕೆ ಹಿಂದಿನವರ ಬಲಗಾಲು, ನಾಲ್ಕನೆಯದಕ್ಕೆ ಮುಂದಿನವರ ಬಲಗಾಲು ನೆಲ ಮುಟ್ಟಬೇಕು. ನಾಲ್ಕು ಕಾಲಿನ ನಡಿಗೆಯೆಂದರೆ ಎರಡು ಕಾಲಿನ ಎರಡು ನಡಿಗೆಗಳು, ಒಂದು ಇನ್ನೊಂದಕ್ಕಿಂತ ಅರ್ಧ ಹೆಜ್ಜೆ ತಡವಾಗಿ ಸಾಗುವುದು ಎಂಬುದು ಇಲ್ಲಿ ಮಕ್ಕಳ ಮೈಗೇ ತಿಳಿಯುತ್ತದೆ.

2. ಹದಿನಾರು ಚಿತ್ರಗಳಿಗೆ ಹಂಚಿಕೆ

ನಾಲ್ಕು ಚಪ್ಪಾಳೆಗೆ ಹದಿನಾರು ಚಿತ್ರಗಳೆಂದರೆ ಪ್ರತಿ ನಾಲ್ಕು ಚಿತ್ರಕ್ಕೊಮ್ಮೆ ಒಂದು ಪಾದ ನೆಲ ಮುಟ್ಟುತ್ತದೆ. ನಡಿಗೆಯಲ್ಲಿ ಪಾದವು ಗಾಳಿಯಲ್ಲಿರುವುದಕ್ಕಿಂತ ನೆಲದಲ್ಲಿರುವ ಹೊತ್ತು ಹೆಚ್ಚು. ಆದುದರಿಂದ ಪ್ರತಿ ಪಾದಕ್ಕೆ ನೆಲದಲ್ಲಿ 10 ಚಿತ್ರ, ಗಾಳಿಯಲ್ಲಿ 6 ಚಿತ್ರ ಎಂದು ಇಟ್ಟುಕೊಳ್ಳಬಹುದು. ಕಪ್ಪುಹಲಗೆಯ ಮೇಲೆ ಹೀಗೆ ಬರೆಯಬೇಕು:

ಹಿಂದಿನ ಎಡ: 1ರಿಂದ 10ರವರೆಗೆ ನೆಲದಲ್ಲಿ
ಮುಂದಿನ ಎಡ: 5ರಿಂದ 14ರವರೆಗೆ ನೆಲದಲ್ಲಿ
ಹಿಂದಿನ ಬಲ: 9ರಿಂದ 16ರವರೆಗೆ, ಮತ್ತೆ 1, 2ರಲ್ಲಿ ನೆಲದಲ್ಲಿ
ಮುಂದಿನ ಬಲ: 13ರಿಂದ 16ರವರೆಗೆ, ಮತ್ತೆ 1ರಿಂದ 6ರವರೆಗೆ ನೆಲದಲ್ಲಿ

ಹದಿನಾರನೆಯ ಚಿತ್ರದ ಬಳಿಕ ಮತ್ತೆ ಮೊದಲನೆಯದು ಬರುವುದರಿಂದ ಈ ಸುತ್ತು ಮುಗಿಯುವುದೇ ಇಲ್ಲ. ಸೆಕೆಂಡಿಗೆ 12 ಚಿತ್ರಗಳಂತೆ ಓಡಿಸಿದರೆ ಒಂದು ಸುತ್ತಿಗೆ ಒಂದೂಕಾಲು ಸೆಕೆಂಡಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಅದು ಅವಸರವಿಲ್ಲದ ನಾಯಿಯ ಹದವಾದ ನಡಿಗೆ.

ಪಟ್ಟಿ ಸರಿಯಿದೆಯೇ ಎಂಬುದನ್ನು ಮಕ್ಕಳೇ ಎಣಿಸಿ ನೋಡಬಹುದು. ಮೊದಲ ಎರಡು ಚಿತ್ರಗಳಲ್ಲಿ ಮೂರು ಪಾದಗಳು ನೆಲದಲ್ಲಿರುತ್ತವೆ, ಮುಂದಿನ ಎರಡರಲ್ಲಿ ಎರಡು, ಆಮೇಲೆ ಮತ್ತೆ ಮೂರು; ಹೀಗೆಯೇ ಕೊನೆಯವರೆಗೆ. ಯಾವುದಾದರೂ ಚಿತ್ರದಲ್ಲಿ ಒಂದೇ ಪಾದ ನೆಲದಲ್ಲಿದ್ದರೆ ಎಣಿಕೆ ತಪ್ಪಿದೆ ಎಂದೇ ಅರ್ಥ.

ನಾಯಿಯನ್ನು ಹಾಳೆಯ ನಡುವೆಯೇ ಇರಿಸಿ ಬರೆಯುವಾಗ ನೆಲದಲ್ಲಿರುವ ಪಾದವು ಪ್ರತಿ ಚಿತ್ರಕ್ಕೆ ಸಮನಾಗಿ ಹಿಂದೆ ಸರಿಯಬೇಕು. 5 ಮಿಲಿಮೀಟರ್ ಎಂದಿಟ್ಟುಕೊಂಡರೆ ಹಿಂದಿನ ಎಡಪಾದವು 1ರಿಂದ 10ರೊಳಗೆ 45 ಮಿಲಿಮೀಟರ್ ಹಿಂದೆ ಸಾಗುತ್ತದೆ; ಅಷ್ಟೇ ದೂರವನ್ನು ಗಾಳಿಯಲ್ಲಿ ಕಡಿಮೆ ಚಿತ್ರಗಳಲ್ಲಿ ದಾಟಿ ಮುಂದಕ್ಕೆ ಬರುತ್ತದೆ. ಹಿನ್ನೆಲೆಯ ಮರವನ್ನೋ ಬೇಲಿಯನ್ನೋ ಬರೆದಿದ್ದರೆ ಅದೂ ಪ್ರತಿ ಚಿತ್ರಕ್ಕೆ 5 ಮಿಲಿಮೀಟರ್ ಹಿಂದೆ ಸರಿಯಬೇಕು. ಒಂದು ಚಿತ್ರದಲ್ಲಿ 3, ಇನ್ನೊಂದರಲ್ಲಿ 8 ಆದರೆ ನಾಯಿ ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿದಂತೆ ಕಾಣುತ್ತದೆ. ಸರದಿ ಸರಿಯಿದ್ದೂ ನಡಿಗೆ ಕೆಟ್ಟು ಕಂಡರೆ ಮೊದಲು ಅಳತೆಪಟ್ಟಿಯಿಟ್ಟು ಇದನ್ನೇ ನೋಡಬೇಕು.

3. ಭಾರದ ಏರಿಳಿತ

ಕಾಲುಗಳು ಮಾತ್ರ ಆಡಿ ಬೆನ್ನು ಹಲಗೆಯಂತೆ ನೇರವಾಗಿ ನಿಂತರೆ ನಾಯಿಗೆ ತೂಕವಿಲ್ಲದಂತೆ ತೋರುತ್ತದೆ. ಮುಂದಿನ ಎರಡೂ ಪಾದಗಳು ಅಗಲಿ ನೆಲದಲ್ಲಿರುವಾಗ ಹೆಗಲು ಕೆಳಗಿಳಿಯುತ್ತದೆ; ಒಂದು ಮುಂಗಾಲು ನೆಟ್ಟಗೆ ನಿಂತು ಭಾರ ಹೊರುವಾಗ ಹೆಗಲು ಮೇಲೇರುತ್ತದೆ. ಹಿಂಗಾಲು ಮತ್ತು ಸೊಂಟಕ್ಕೂ ಇದೇ ನಿಯಮ.

ಮೇಲಿನ ಪಟ್ಟಿಯನ್ನೇ ನೋಡಿದರೆ 5, 6 ಮತ್ತು 13, 14ನೆಯ ಚಿತ್ರಗಳಲ್ಲಿ ಎರಡೂ ಮುಂಪಾದಗಳು ನೆಲದಲ್ಲಿವೆ. ಅಲ್ಲಿ ಹೆಗಲು ತಗ್ಗಬೇಕು. ಅದೇ ಚಿತ್ರಗಳಲ್ಲಿ ಒಂದೇ ಹಿಂಗಾಲು ನೆಟ್ಟಗೆ ನಿಂತಿರುವುದರಿಂದ ಸೊಂಟ ಏರಬೇಕು. 1, 2 ಮತ್ತು 9, 10ರಲ್ಲಿ ಇದು ತಿರುಗುಮುರುಗಾಗುತ್ತದೆ. ಹೀಗೆ ಬೆನ್ನು ಏತದ ಮರದಂತೆ ಒಂದು ತುದಿ ಏರಿದಾಗ ಇನ್ನೊಂದು ಇಳಿಯುತ್ತದೆ. ಹಾಳೆಯಲ್ಲಿ ಅಂಗೈಯಷ್ಟು ಉದ್ದದ ನಾಯಿಗೆ 3 ಮಿಲಿಮೀಟರ್ ಏರಿಳಿತ ಸಾಕು. ಹೆಚ್ಚಾದರೆ ನಾಯಿ ಕುಂಟುವಂತೆ ಕಾಣುತ್ತದೆ.

ಪಕ್ಕದ ವಾಲುವಿಕೆ ಎದುರಿನಿಂದ ಬರೆಯುವಾಗ ಮುಖ್ಯ. 7, 8ರಲ್ಲಿ ಎಡಪಕ್ಕದ ಎರಡು ಪಾದಗಳು ಮಾತ್ರ ನೆಲದಲ್ಲಿರುವುದರಿಂದ ಮೈ ಎಡಕ್ಕೆ ವಾಲದಿದ್ದರೆ ನಾಯಿ ಬಲಕ್ಕೆ ಉರುಳಬೇಕಾಗುತ್ತದೆ. 15, 16ರಲ್ಲಿ ಮೈ ಬಲಕ್ಕೆ ವಾಲುತ್ತದೆ.

4. ಹಿಂಬಾಲಿಸುವ ಬಾಲ

ಸಡಿಲವಾಗಿ ಇಳಿಬಿದ್ದ ಬಾಲವು ತಾನಾಗಿ ಮೇಲೆ ಕೆಳಗೆ ಆಡುವುದಿಲ್ಲ. ಸೊಂಟ ಅದನ್ನು ಆಡಿಸುತ್ತದೆ. ಬಾಲದ ಬುಡ ಸೊಂಟದೊಡನೆ ಚಲಿಸುತ್ತದೆ, ನಡುಭಾಗ ತುಸು ತಡವಾಗಿ, ತುದಿ ಇನ್ನೂ ತಡವಾಗಿ. ಡಿಸ್ನಿ ಸಂಸ್ಥೆಯ ಚಿತ್ರಕಾರರಾದ ಫ್ರಾಂಕ್ ಥಾಮಸ್ ಮತ್ತು ಓಲಿ ಜಾನ್‌ಸ್ಟನ್ 1981ರ ತಮ್ಮ ಗ್ರಂಥದಲ್ಲಿ ವಿವರಿಸಿದ ಅನಿಮೇಷನ್‌ನ ಹನ್ನೆರಡು ತತ್ತ್ವಗಳಲ್ಲಿ ಈ ಹಿಂಬಾಲಿಸುವ ಚಲನೆಯೂ ಒಂದು.

ನಡುಭಾಗಕ್ಕೆ 2 ಚಿತ್ರ, ತುದಿಗೆ 4 ಚಿತ್ರ ತಡವಿಟ್ಟರೆ ಲೆಕ್ಕ ಸುಲಭ. ಬುಡ 5ರಲ್ಲಿ ಅತಿ ಎತ್ತರದಲ್ಲಿದ್ದರೆ ನಡುಭಾಗ 7ರಲ್ಲಿ, ತುದಿ 9ರಲ್ಲಿ ಅತಿ ಎತ್ತರಕ್ಕೆ ಬರುತ್ತದೆ. 9ರ ಹೊತ್ತಿಗೆ ಸೊಂಟ ಆಗಲೇ ಕೆಳಗಿಳಿದಿರುತ್ತದೆ. ಆದುದರಿಂದ ಬುಡ ಕೆಳಗೆ, ತುದಿ ಮೇಲೆ ಇರುವ ಬಾಗು ತಾನಾಗಿಯೇ ಮೂಡುತ್ತದೆ. ಬುಡದಿಂದ ತುದಿಯವರೆಗೆ ಎಲ್ಲವೂ ಒಂದೇ ಚಿತ್ರದಲ್ಲಿ ದಿಕ್ಕು ಬದಲಿಸಿದರೆ ಬಾಲದ ಬದಲು ಕೋಲು ಕಟ್ಟಿದಂತೆ ಕಾಣುತ್ತದೆ. 16ರಿಂದ 1ಕ್ಕೆ ಬರುವಾಗ ತುದಿ ಹಠಾತ್ತನೆ ನೆಗೆದರೆ ಕೊನೆಯ ಚಿತ್ರಗಳಲ್ಲಿ ತಡವನ್ನು ಮರೆತಿರುವುದು ಖಚಿತ.

ಸಂತೋಷದಿಂದ ಬಾಲ ಅಲ್ಲಾಡಿಸುವುದು ಬೇರೆ: ಅದು ನಾಯಿಯ ಸ್ವಂತ ಸ್ನಾಯುಗಳ ಕೆಲಸ, ಹೆಜ್ಜೆಯ ಲಯಕ್ಕೆ ಕಟ್ಟುಬಿದ್ದಿಲ್ಲ. ಬೆನ್ನ ಮೇಲೆ ಬಿಗಿಯಾಗಿ ಸುರುಳಿಗೊಂಡ ಬಾಲಕ್ಕೂ ಮೊಂಡುಬಾಲಕ್ಕೂ ಈ ತಡದ ಲೆಕ್ಕ ಹೆಚ್ಚು ಹೊಂದದು.

5. ಕೆಲಸದ ಕ್ರಮ ಮತ್ತು ಮೌಲ್ಯಮಾಪನ

ಮೊದಲು 1, 5, 9, 13ನೆಯ ಚಿತ್ರಗಳನ್ನು ಬರೆಯಿಸಬೇಕು, ಬಳಿಕ 3, 7, 11, 15, ಉಳಿದವು ಕೊನೆಗೆ. ಬಾಲವನ್ನು ಕಾಲು ಮತ್ತು ಮೈ ಸರಿಯಾದ ನಂತರವೇ ಸೇರಿಸಬೇಕು. ಎಡಗಾಲುಗಳಿಗೆ ಗೆರೆ ತುಂಬಿ ಬಲಗಾಲುಗಳನ್ನು ಖಾಲಿ ಬಿಟ್ಟರೆ ಗೊಂದಲವಾಗದು.

ವಿದ್ಯಾರ್ಥಿಗಳಿಗೆ ಕೇಳಬೇಕಾದ ಪ್ರಶ್ನೆಗಳು:

1) 11ನೆಯ ಚಿತ್ರದಲ್ಲಿ ಯಾವ ಪಾದಗಳು ನೆಲದಲ್ಲಿವೆ?
2) 14ರಲ್ಲಿ ಹೆಗಲು ತಗ್ಗಿದೆಯೋ ಏರಿದೆಯೋ? ಏಕೆ?
3) ಬಾಲದ ತುದಿ ಎರಡನೆಯ ಬಾರಿ ಅತಿ ಎತ್ತರಕ್ಕೆ ಬರುವುದು ಯಾವ ಚಿತ್ರದಲ್ಲಿ?

ಉತ್ತರಗಳು: 1) ಮುಂದಿನ ಎಡ ಮತ್ತು ಹಿಂದಿನ ಬಲ. 2) ತಗ್ಗಿದೆ, ಎರಡೂ ಮುಂಪಾದಗಳು ಅಗಲಿ ನೆಲದಲ್ಲಿವೆ. 3) ಬುಡ 13ರಲ್ಲಿ ಏರುವುದರಿಂದ ತುದಿ 17ರಲ್ಲಿ, ಅಂದರೆ ಮುಂದಿನ ಸುತ್ತಿನ 1ನೆಯ ಚಿತ್ರದಲ್ಲಿ.