ಎರೆ ಮಣ್ಣಿನ ಮೇಲೆ ಚಿಕ್ಕ ಮನೆಗೆ ಪಾಯ

ಅಹಮದಾಬಾದ್, ವಡೋದರಾ, ಸೂರತ್ ಮೂರೂ ಒಂದೇ ಹೆದ್ದಾರಿಯ ಮೇಲಿನ ಊರುಗಳು. ನೆಲ ಮಾತ್ರ ಒಂದೇ ಅಲ್ಲ. ಅಹಮದಾಬಾದ್ ಬಹುಪಾಲು ಸಾಬರಮತಿ ತಂದು ಹಾಕಿದ ಮರಳು ಮಿಶ್ರಿತ ಮೆಕ್ಕಲಿನ ಮೇಲೆ ಕೂತಿದೆ. ವಡೋದರಾ ದಾಟಿ ಕರ್ಜನ್, ಭರೂಚ್ ಕಡೆ ಇಳಿದರೆ ಹತ್ತಿಗೆ ಹೆಸರಾದ ಕಾನಮ್ ಸೀಮೆ. ಅಲ್ಲಿಂದ ಸೂರತ್‌ವರೆಗೆ ಕರಿ ಎರೆ ಮಣ್ಣು ಆಳವಾಗಿ ಹಬ್ಬಿದೆ. ಗದಗ, ನರಗುಂದದ ಕಡೆಯವರಿಗೆ ಈ ಮಣ್ಣು ಹೊಸದಲ್ಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡುವುದಿಲ್ಲ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಕೆಲಸಕ್ಕೆಂದು ಅಲ್ಲಿಗೆ ಹೋಗಿ ಒಂದು ನಿವೇಶನ ಕೊಂಡವರು ಮೊದಲು ತಿಳಿಯಬೇಕಾದ್ದು, ಆ ಬಿರುಕು ಬಿಡುವ ನೆಲ ಮನೆಗೆ ಏನು ಮಾಡುತ್ತದೆ ಎಂಬುದು.

ಎರೆಯಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ತನ್ನ ತೆಳು ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮೆತ್ತಗಿನ ಮಣ್ಣಿನಲ್ಲಿ ಮನೆ ಕುಸಿಯುತ್ತದೆಂದು ಹೆದರುತ್ತೇವೆ. ಎರೆಯಲ್ಲಿ ಅದಕ್ಕಿಂತ ದೊಡ್ಡ ಭಯ ಮನೆ ಮೇಲೇಳುವುದು. ಉಬ್ಬುವ ಎರೆ ಒಂದು ಚದರ ಮೀಟರಿಗೆ 10ರಿಂದ 20 ಟನ್, ಕೆಲವೆಡೆ ಅದಕ್ಕೂ ಹೆಚ್ಚು ಒತ್ತಡದಿಂದ ಮೇಲಕ್ಕೆ ತಳ್ಳಬಲ್ಲದು. ಒಂದು ಅಂತಸ್ತಿನ ಮನೆಯಲ್ಲಿ ಒಂಬತ್ತು ಇಂಚಿನ ಗೋಡೆ, ಅದರ ಮೇಲಿನ ತಾರಸಿ ಎಲ್ಲ ಸೇರಿ ಗೋಡೆಯ ಒಂದು ಮೀಟರ್ ಉದ್ದಕ್ಕೆ ಸುಮಾರು ಎರಡೂವರೆ ಟನ್ ಭಾರ ಬರುತ್ತದೆ. ಪಾಯ 75 ಸೆಂಟಿಮೀಟರ್ ಅಗಲವಿದ್ದರೆ ನೆಲದ ಮೇಲೆ ಬೀಳುವುದು ಚದರ ಮೀಟರಿಗೆ ಮೂರು ಟನ್ ಚಿಲ್ಲರೆ. ಹತ್ತು ಅಂತಸ್ತಿನ ಕಟ್ಟಡ ಈ ಮಣ್ಣನ್ನು ತನ್ನ ತೂಕದಿಂದಲೇ ಅದುಮಬಹುದು. ಚಿಕ್ಕ ಮನೆಗೆ ಆ ಭಾರವಿಲ್ಲ.

ಮೇಸ್ತ್ರಿಗಳ ಸಾಮಾನ್ಯ ಸಲಹೆ ಅಪಾಯಕಾರಿಯಾಗುವುದು ಇಲ್ಲೇ. ‘ನೆಲ ಸರಿಯಿಲ್ಲ, ಪಾಯ ಇನ್ನಷ್ಟು ಅಗಲ ಮಾಡೋಣ’ ಎನ್ನುತ್ತಾರೆ. ಅಗಲವನ್ನು ಒಂದೂವರೆ ಮೀಟರಿಗೆ ಏರಿಸಿದರೆ ಭಾರ ಚದರ ಮೀಟರಿಗೆ ಎರಡು ಟನ್ನಿಗಿಂತ ಕೆಳಗಿಳಿಯುತ್ತದೆ, ಮಣ್ಣಿಗೆ ಎತ್ತಲು ಇನ್ನೂ ಸುಲಭವಾಗುತ್ತದೆ. ಎರೆಯಲ್ಲಿ ಕೇಳಬೇಕಾದ ಪ್ರಶ್ನೆ ಪಾಯ ಎಷ್ಟು ಅಗಲ ಎಂಬುದಲ್ಲ, ಎಷ್ಟು ಆಳದಲ್ಲಿ ಮಣ್ಣಿನ ತೇವ ವರ್ಷವಿಡೀ ಬದಲಾಗದೆ ಉಳಿಯುತ್ತದೆ ಎಂಬುದು. ನಮ್ಮ ದೇಶದ ಆಳವಾದ ಎರೆ ನೆಲದಲ್ಲಿ ಸಾಮಾನ್ಯವಾಗಿ ಮೂರೂವರೆ ಮೀಟರ್ ಕೆಳಗೆ ಮಳೆ, ಬಿಸಿಲು ಎರಡರ ಪ್ರಭಾವವೂ ಅಷ್ಟಾಗಿ ಮುಟ್ಟುವುದಿಲ್ಲ.

ಹಾಗಾಗಿ ಮೊದಲ ಖರ್ಚು ಗುಂಡಿಗೆ. ಮನೆ ಬರುವ ಜಾಗದಲ್ಲಿ ಎರಡು ಕಡೆ ಆಗರ್‌ನಿಂದ ಐದು ಮೀಟರ್‌ವರೆಗೆ ಕೊರೆಸಿ, ಯಾವ ಆಳದಲ್ಲಿ ಕರಿ ಮಣ್ಣು ಮುಗಿದು ಮುರಂ ಅಥವಾ ಹಳದಿ ಮಣ್ಣು ಸಿಗುತ್ತದೆ, ನೀರು ಎಲ್ಲಿ ಬರುತ್ತದೆ ಎಂದು ಬರೆದಿಡಬೇಕು. ಜೊತೆಗೆ ಮಣ್ಣಿನ ಫ್ರೀ ಸ್ವೆಲ್ ಪರೀಕ್ಷೆ ಮಾಡಿಸಬೇಕು. ಅದು ತೀರ ಸರಳ. ಒಣಗಿಸಿ ಜರಡಿ ಹಿಡಿದ ಮಣ್ಣನ್ನು ಹತ್ತು ಗ್ರಾಂನಂತೆ ಎರಡು ಅಳತೆ ಜಾಡಿಗಳಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣು 11 ಮಿಲಿಲೀಟರ್‌ವರೆಗೆ, ನೀರಿನಲ್ಲಿ 20ರವರೆಗೆ ನಿಂತಿದೆ ಎನ್ನಿ. ವ್ಯತ್ಯಾಸ 9, ಅದನ್ನು 11ರಿಂದ ಭಾಗಿಸಿದರೆ ಶೇ. 82. ಶೇ. 50 ದಾಟಿದ ಮಣ್ಣಿನ ಮೇಲೆ ಹಗುರವಾದ ಮನೆಗೆ ಮಾಮೂಲಿ ಪಾಯ ಹಾಕಲು ನಾನಂತೂ ಒಪ್ಪುವುದಿಲ್ಲ. ವಡೋದರಾದಲ್ಲಿ ಗುಜರಾತ್ ಎಂಜಿನಿಯರಿಂಗ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನಂತಹ ಸಂಸ್ಥೆಗಳಿರುವುದರಿಂದ ಪರೀಕ್ಷೆ ಕಷ್ಟದ ಕೆಲಸವೂ ಅಲ್ಲ. ಅಹಮದಾಬಾದ್‌ನಲ್ಲಿ ಮೆಕ್ಕಲು ಮಣ್ಣೇ ಸಿಕ್ಕಿ ಈ ಅಂಕಿ ತೀರ ಕಡಿಮೆ ಬಂದರೆ, ಎಂಜಿನಿಯರ್ ಹೇಳಿದ ಸಾಮಾನ್ಯ ಪಾಯವೇ ಸಾಕು.

ಕರಿ ಪದರ ಒಂದೂವರೆ ಮೀಟರಿನೊಳಗೆ ಮುಗಿದರೆ ಅದನ್ನು ಪೂರ್ತಿ ತೆಗೆದು ಮುರಂ ಮೇಲೆಯೇ ಕಲ್ಲಿನ ಪಾಯ ಕಟ್ಟಬಹುದು. ಅಗೆದ ಗುಂಡಿಯನ್ನು ಬರಿ ಮರಳಿನಿಂದ ತುಂಬಬಾರದು. ಸುತ್ತಲ ಎರೆ ನೀರು ಬಿಡುವುದಿಲ್ಲ. ಮರಳಿನ ಸಂದುಗಳಲ್ಲಿ ಮಳೆ ನೀರು ಬಾವಿಯಲ್ಲಿ ನಿಂತ ಹಾಗೆ ನಿಂತು, ಪಕ್ಕದ ಮಣ್ಣಿಗೆ ತಿಂಗಳುಗಟ್ಟಲೆ ಉಣಿಸುತ್ತಿರುತ್ತದೆ. ಉಬ್ಬದ ಮುರಂ ಮಣ್ಣನ್ನೇ ತೆಳು ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ ದಮ್ಮಸ್ಸು ಮಾಡಬೇಕು. ಅಂಟಿದ್ದರೂ ಉಬ್ಬದ ಇಂಥ ಮಣ್ಣನ್ನು ಎರೆಯ ಮೇಲೆ ಹೊದಿಸುವ ವಿಧಾನವನ್ನು ಐಐಟಿ ಬಾಂಬೆಯ ಪ್ರೊಫೆಸರ್ ಆರ್.ಕೆ. ಕಟ್ಟಿ ರೂಪಿಸಿದರು. ನಮ್ಮ ಮಲಪ್ರಭಾ ಕಾಲುವೆಗಳಲ್ಲಿ ಅದು ಬಳಕೆಗೆ ಬಂತು.

ಮೂರು, ನಾಲ್ಕು ಮೀಟರ್ ಆಳದವರೆಗೂ ಕರಿ ಮಣ್ಣೇ ಇದ್ದರೆ ಅಷ್ಟನ್ನು ಅಗೆದು ತೆಗೆಯುವುದು ಚಿಕ್ಕ ಮನೆಗೆ ದುಬಾರಿ. ಅಂಥಲ್ಲಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ನನ್ನ ಆಯ್ಕೆ. ಇದು ನೆಲದಲ್ಲೇ ಕೊರೆದು ಕಾಂಕ್ರೀಟ್ ತುಂಬಿದ ಕಂಬ. ಬುಡದಲ್ಲಿ ಕಾಂಡದ ಎರಡೂವರೆ ಪಟ್ಟು ಅಗಲದ ಗಡ್ಡೆ ಇರುತ್ತದೆ. ಆ ಗಡ್ಡೆ ತೇವ ಬದಲಾಗದ ಆಳದಲ್ಲಿ ಕಚ್ಚಿಕೊಂಡಿರುವುದರಿಂದ, ಮೇಲಿನ ಮಣ್ಣು ಉಬ್ಬಿ ಕಾಂಡವನ್ನು ಎಳೆದರೂ ಕಂಬ ಮೇಲೇಳುವುದಿಲ್ಲ.

ವಡೋದರಾದ ಹೊರಗೆ 9 ಮೀಟರ್ ಉದ್ದ, 7 ಮೀಟರ್ ಅಗಲದ ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಳಗೋಡೆ ಸೇರಿ ಗೋಡೆಗಳ ಉದ್ದ 40 ಮೀಟರ್, ಒಟ್ಟು ಭಾರ ಸುಮಾರು 112 ಟನ್. 30 ಸೆಂಟಿಮೀಟರ್ ದಪ್ಪದ, 75 ಸೆಂಟಿಮೀಟರ್ ಗಡ್ಡೆಯ, ಮೂರೂವರೆ ಮೀಟರ್ ಉದ್ದದ ಒಂದು ಪೈಲ್‌ಗೆ ಮಧ್ಯಮ ಗಟ್ಟಿ ಮಣ್ಣಿನಲ್ಲಿ ಐಎಸ್ 2911ರ ಕೋಷ್ಟಕ 16 ಟನ್ ಕೊಡುತ್ತದೆ. ಭಾರಕ್ಕೆ ಏಳು ಪೈಲ್ ಸಾಕೆನಿಸಿದರೂ ಮೂಲೆಗಳಲ್ಲಿ, ಗೋಡೆಗಳು ಕೂಡುವಲ್ಲಿ, ನಡುವೆ ಎರಡೂವರೆ ಮೀಟರಿಗೊಂದರಂತೆ ಇಟ್ಟರೆ ಹದಿನಾರಾಗುತ್ತವೆ. ಒಂದೊಂದರ ಮೇಲೆ ಬೀಳುವುದು ಏಳು ಟನ್. ಮುಂದೆ ಇನ್ನೊಂದು ಅಂತಸ್ತು ಏರಿಸಿದರೂ ಪೈಲ್‌ಗಳು ತಡೆಯುತ್ತವೆ. ಅಂತಿಮ ಲೆಕ್ಕ ಮಾತ್ರ ನಿಮ್ಮ ಗುಂಡಿಯ ಮಣ್ಣು ನೋಡಿದ ಎಂಜಿನಿಯರ್‌ನದೇ ಆಗಿರಲಿ.

ಪೈಲ್ ಕೆಲಸ ಮಳೆಗೆ ಮುಂಚೆ ಮುಗಿದರೆ ಒಳ್ಳೆಯದು. ಕೊರೆದ ದಿನವೇ ಕಾಂಕ್ರೀಟ್ ಬೀಳಬೇಕು; ತೂತು ರಾತ್ರಿಯೆಲ್ಲ ತೆರೆದಿದ್ದರೆ ಗಡ್ಡೆಯ ಚಾವಣಿ ಉದುರಿ ಬುಡದಲ್ಲಿ ಸಡಿಲ ಮಣ್ಣು ಕೂರುತ್ತದೆ. ಸೂರತ್‌ನಲ್ಲಿ ತಾಪಿಯ ಹತ್ತಿರದಂತೆ ನೀರು ಮೇಲೆಯೇ ಸಿಗುವಲ್ಲಿ ಬೆಂಟೊನೈಟ್ ದ್ರಾವಣ ತುಂಬಿ ಕೊರೆಯಬೇಕಾಗುತ್ತದೆ. ಅದು ಅನುಭವವಿರುವ ಗುತ್ತಿಗೆದಾರರ ಕೆಲಸ.

ಹೆಚ್ಚು ತಪ್ಪು ನಡೆಯುವುದು ಇದಾದ ಮೇಲೆ. ಪೈಲ್‌ಗಳ ತಲೆಗಳನ್ನು ಬೆಸೆಯುವ ಬೀಮ್ ನೆಲಕ್ಕೆ ತಾಗಬಾರದು. ಅದರ ಕೆಳಗೆ ಕನಿಷ್ಠ 8 ಸೆಂಟಿಮೀಟರ್ ಖಾಲಿ ಇರಬೇಕು, ಉಬ್ಬಿದ ಮಣ್ಣು ಆ ಜಾಗಕ್ಕೆ ಬರಲೆಂದು. ಕೆಲಸದವರು ಅದನ್ನು ಅಪೂರ್ಣ ಕೆಲಸವೆಂದುಕೊಂಡು ಇಟ್ಟಿಗೆ ಚೂರು, ಗಾರೆ ತುಂಬಿ ಮುಚ್ಚಿಬಿಡುತ್ತಾರೆ. ಆಮೇಲೆ ಮೊದಲ ಮಳೆಗೇ ಮಣ್ಣು ಬೀಮನ್ನು ಒತ್ತುತ್ತದೆ, ಅಷ್ಟು ಪೈಲ್ ಹಾಕಿದ್ದೂ ವ್ಯರ್ಥ. ಗೋಡೆ ಏಳುವ ಮುಂಚೆ ಬೀಮಿನ ಉದ್ದಕ್ಕೂ ಒಂದು ಕಡ್ಡಿ ತೂರಿಸಿ ನೋಡಿ. ಕೋಣೆಯ ನೆಲಹಾಸಿಗೂ ಇದೇ ಎಚ್ಚರ ಬೇಕು: ಅಗೆದ ಕರಿ ಮಣ್ಣನ್ನೇ ಒಳಗೆ ತುಂಬಿ ಟೈಲ್ಸ್ ಹಾಕಿದರೆ, ಗೋಡೆ ಗಟ್ಟಿ ನಿಂತಿದ್ದರೂ ನಡುಮನೆ ಉಬ್ಬುತ್ತದೆ.

ಈಗಾಗಲೇ ಕಟ್ಟಿದ ಮನೆಯನ್ನು ಕೊಳ್ಳುವವರು ಕಿಟಕಿಯ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕುಗಳನ್ನು ನೋಡಲಿ. ಬಿರುಕಿನ ಅಗಲವನ್ನು ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರಿನಲ್ಲೊಮ್ಮೆ ಪೆನ್ಸಿಲ್ ಗೆರೆ, ತಾರೀಖಿನೊಂದಿಗೆ ಗುರುತಿಸಿಟ್ಟರೆ, ಋತುವಿನೊಂದಿಗೆ ಅದು ಹಿಗ್ಗಿ ಕುಗ್ಗುತ್ತದೋ ತಿಳಿಯುತ್ತದೆ. ಹಾಗಾಗುತ್ತಿದ್ದರೆ ಸಿಮೆಂಟ್ ಮೆತ್ತಿ ಮುಚ್ಚುವುದರಿಂದ ಉಪಯೋಗವಿಲ್ಲ. ಮೊದಲು ಮನೆಯ ಸುತ್ತ ಒಂದೂವರೆ ಮೀಟರ್ ಅಗಲಕ್ಕೆ ಹೊರಗೆ ಇಳಿಜಾರಿರುವ ಕಾಂಕ್ರೀಟ್ ಹಾಸಿ, ತಾರಸಿಯ ನೀರನ್ನು ಪೈಪಿನಲ್ಲಿ ದೂರ ಸಾಗಿಸಿ, ಬಚ್ಚಲಿನ ಕೊಳವೆ ಸೋರುತ್ತಿದೆಯೇ ಪರೀಕ್ಷಿಸಿ.