ಬೆಳೆಯದ ಚಂದ್ರ

ಬೆಳದಿಂಗಳಲ್ಲಿ ನಡೆಯುವವನಿಗೆ ಎದುರಿನ ಮರಗಳು ಬರಬರುತ್ತ ದೊಡ್ಡವಾಗಿ ತೋರುತ್ತವೆ. ಚಂದ್ರನು ಮಾತ್ರ ಇದ್ದಷ್ಟೇ ಇರುತ್ತಾನೆ. ಒಂದೇ ಹಾಳೆಯ ಮೇಲೆ ಬರೆದ ದೃಶ್ಯದತ್ತ ಕ್ಯಾಮೆರಾವನ್ನು ಸರಿಸಿದರೆ ಹಾಗಾಗದು. ಮರದೊಡನೆ ಚಂದ್ರನೂ ಅದೇ ಪ್ರಮಾಣದಲ್ಲಿ ಹಿಗ್ಗುತ್ತಾನೆ. ಚಿತ್ರವು ಬರಿಯ ಹಾಳೆಯೆಂಬುದು ಕಣ್ಣಿಗೆ ಒಡನೆಯೇ ತಿಳಿದುಬಿಡುತ್ತದೆ.

ಅಮೆರಿಕದ ವಾಲ್ಟ್ ಡಿಸ್ನಿಯ ಚಿತ್ರಶಾಲೆಯು 1937ರ ‘ದಿ ಓಲ್ಡ್ ಮಿಲ್’ ಎಂಬ ಕಿರುಚಿತ್ರದಲ್ಲಿ ಬಹುಪದರಗಳ ಕ್ಯಾಮೆರಾವನ್ನು ಬಳಸಿತು. ಈ ಯಂತ್ರದಲ್ಲಿ ಮರ, ಬೆಟ್ಟ, ಚಂದ್ರ ಇವೆಲ್ಲ ಬೇರೆ ಬೇರೆ ಹಲಗೆಗಳ ಮೇಲೆ, ಒಂದರ ಕೆಳಗೊಂದು ಅಂತರವಿಟ್ಟು ನಿಲ್ಲುತ್ತವೆ. ಮುಂದಿನ ಪದರಗಳು ಗಾಜಿನವು. ಕ್ಯಾಮೆರಾ ಮೇಲಿನಿಂದ ನೋಡುತ್ತದೆ. 50 ಸೆಂಟಿಮೀಟರ್ ದೂರದ ಮರವನ್ನು 40ಕ್ಕೆ ತಂದರೆ ಅದು ಕಾಲುಭಾಗದಷ್ಟು ಹಿಗ್ಗುತ್ತದೆ. 200ರಿಂದ 190ಕ್ಕೆ ಬಂದ ಬೆಟ್ಟವಾದರೋ ಸುಮಾರು ಇಪ್ಪತ್ತರಲ್ಲೊಂದು ಪಾಲು ಮಾತ್ರ. ಚಂದ್ರನ ಹಲಗೆಯನ್ನು ಕದಲಿಸುವುದೇ ಇಲ್ಲ.

ಆದರೂ ಮರವನ್ನು ಸುತ್ತಿಹೋಗಿ ಅದರ ಬೆನ್ನನ್ನು ನೋಡುವಂತಿಲ್ಲ. ಪದರವೆಷ್ಟಿದ್ದರೂ ಪ್ರತಿಯೊಂದೂ ಚಪ್ಪಟೆಯೇ.